ಇಪ್ಪತ್ತು ಎಲೆ, ಹತ್ತೊಂಬತ್ತು ಕವಲು

2015ರ ಗೇಟ್ ಪರೀಕ್ಷೆಯ ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಪುಟ್ಟದೊಂದು ಪ್ರಶ್ನೆ ಬಂದಿತ್ತು: ಒಂದು ಬೈನರಿ ಟ್ರೀಗೆ 20 ಎಲೆಗಳಿವೆ, ಎರಡು ಮಕ್ಕಳಿರುವ ನೋಡ್‌ಗಳೆಷ್ಟು? ಚಿತ್ರವಿಲ್ಲ, ಎತ್ತರ ಹೇಳಿಲ್ಲ, ಒಟ್ಟು ನೋಡ್‌ಗಳ ಲೆಕ್ಕವೂ ಇಲ್ಲ. ಆದರೂ ಉತ್ತರ 19, ಬೇರೆ ಸಾಧ್ಯವೇ ಇಲ್ಲ.

ಬೈನರಿ ಟ್ರೀಯಲ್ಲಿ ಒಂದು ನೋಡ್‌ಗೆ ಮಕ್ಕಳೇ ಇಲ್ಲದಿರಬಹುದು, ಒಂದಿರಬಹುದು, ಹೆಚ್ಚೆಂದರೆ ಎರಡು. ಮಕ್ಕಳಿಲ್ಲದ ನೋಡೇ ಎಲೆ. ಈ ಮೂರು ಬಗೆಯ ನೋಡ್‌ಗಳನ್ನು n0, n1, n2 ಎಂದುಕೊಂಡು, ತಂದೆಯಿಂದ ಮಗುವಿಗೆ ಇಳಿಯುವ ಗೆರೆಗಳನ್ನು ಎರಡು ಸಲ ಎಣಿಸಿದರೆ ಗುಟ್ಟು ಬಯಲಾಗುತ್ತದೆ. ಕೆಳಗಿನಿಂದ ನೋಡಿದರೆ ಬೇರನ್ನು ಬಿಟ್ಟು ಪ್ರತಿ ನೋಡ್‌ಗೂ ಒಂದೊಂದು ಗೆರೆ ಬಂದು ಸೇರುತ್ತದೆ. ಮೇಲಿನಿಂದ ನೋಡಿದರೆ ಒಂದು ಮಗು ಇರುವವು ಒಂದೊಂದು, ಎರಡಿರುವವು ಎರಡೆರಡು ಗೆರೆ ಕಳಿಸುತ್ತವೆ. ಎರಡೂ ಎಣಿಕೆ ಒಂದೇ ಆಗಲೇಬೇಕು:

```
n0 + n1 + n2 - 1 = n1 + 2*n2
n0 = n2 + 1
```

ಎರಡೂ ಕಡೆಯ n1 ಹೊಡೆದುಹೋಯಿತು. ಸೂತ್ರದ ಸೊಗಸೂ ಇಲ್ಲೇ, ಪರೀಕ್ಷೆಯ ಬಲೆಯೂ ಇಲ್ಲೇ. ಒಂಟಿ ಮಗುವಿನ ನೋಡ್‌ಗಳನ್ನು ನಡುನಡುವೆ ಎಷ್ಟು ಪೋಣಿಸಿದರೂ ಎಲೆಗಳ ಸಂಖ್ಯೆ ಕದಲುವುದಿಲ್ಲ. A ಬೇರು, ಅದರ ಮಕ್ಕಳು B ಮತ್ತು C. B ಕೆಳಗೆ D ಮಾತ್ರ, C ಕೆಳಗೆ E, F. ಎಲೆಗಳು D, E, F ಮೂರು. ಎರಡು ಮಕ್ಕಳಿರುವವು A, C ಎರಡು. B ಈ ಲೆಕ್ಕದಲ್ಲಿ ಇದ್ದೂ ಇಲ್ಲದ ಹಾಗೆ.

ಹಾಗಾದರೆ ಅದೇ 20 ಎಲೆಯ ಟ್ರೀಯಲ್ಲಿ ಒಟ್ಟು ನೋಡ್‌ಗಳೆಷ್ಟು? ಅವಸರದಲ್ಲಿ 39 ಎಂದು ಬರೆಯುವವರೇ ಹೆಚ್ಚು. ಅದು ಕನಿಷ್ಠ ಸಂಖ್ಯೆ ಮಾತ್ರ. ಒಂಟಿ ಮಗುವಿನ ನೋಡ್ ಒಂದೂ ಇಲ್ಲವೆಂದು ಪ್ರಶ್ನೆಯೇ ಹೇಳಿದ್ದರೆ 39 ಸರಿ. ಇಲ್ಲದಿದ್ದರೆ ಒಟ್ಟು ಎಷ್ಟು ಬೇಕಾದರೂ ಆಗಬಹುದು. ಪ್ರಶ್ನೆಯಲ್ಲಿ ಮಕ್ಕಳ ಬದಲು ಡಿಗ್ರಿ ಎಂಬ ಪದ ಬಂದರೆ, ಇಲ್ಲಿ ಅದರರ್ಥ ಮಕ್ಕಳ ಸಂಖ್ಯೆ ಎಂಬುದೂ ನೆನಪಿರಬೇಕು. ಗ್ರಾಫ್ ಸಿದ್ಧಾಂತದ ರೂಢಿಯಂತೆ ತಂದೆಯ ಕಡೆಯ ಗೆರೆಯನ್ನೂ ಸೇರಿಸಿ ಎಣಿಸಿದರೆ B ಕೂಡ ಡಿಗ್ರಿ ಎರಡರ ನೋಡ್ ಆಗಿಬಿಡುತ್ತದೆ, ಸೂತ್ರ ಕೈಕೊಡುತ್ತದೆ.

ಗೆರೆ ಎಣಿಸುವ ಉಪಾಯ ಗೊತ್ತಿದ್ದವರಿಗೆ ಬೇರೆ ಸೂತ್ರಗಳನ್ನು ಬಾಯಿಪಾಠ ಮಾಡುವ ಗೋಜಿಲ್ಲ. ಪ್ರತಿ ನೋಡ್‌ಗೂ n ಮಕ್ಕಳು, ಇಲ್ಲವೇ ಮಕ್ಕಳೇ ಇಲ್ಲ, ಮಕ್ಕಳಿರುವ ನೋಡ್ 10, ಎಲೆ 41, n ಎಷ್ಟು? ಇದು 2007ರ ಗೇಟ್ ಪ್ರಶ್ನೆ. ಒಟ್ಟು 51 ನೋಡ್, ಹಾಗಾಗಿ 50 ಗೆರೆ. ಅಷ್ಟನ್ನೂ 10 ನೋಡ್‌ಗಳು ಸಮನಾಗಿ ಕಳಿಸಿರುವುದರಿಂದ n ಎಂದರೆ 5. ಎಲೆಗಳು L, ಮಕ್ಕಳಿರುವ ನೋಡ್‌ಗಳು I ಎಂದುಕೊಂಡರೆ ಸಾಮಾನ್ಯ ರೂಪದಲ್ಲಿ L = I*(n-1) + 1.

ಉತ್ತರವನ್ನು ಒರೆಗೆ ಹಚ್ಚಲೂ ಇದೇ ಸಾಕು. ಎಲೆಯಲ್ಲದ ನೋಡ್‌ಗಳಿಗೆಲ್ಲ ಮೂರು ಮೂರು ಮಕ್ಕಳಿದ್ದು, ಎಲೆ 20 ಇದ್ದರೆ? 19ನ್ನು 2ರಿಂದ ಭಾಗಿಸಿದಾಗ ಒಂಬತ್ತೂವರೆ ಬರುತ್ತದೆ. ಅಂಥ ಟ್ರೀ ಬಿಡಿಸಲು ಬರುವುದೇ ಇಲ್ಲ.