ಸೀರೆಗೆ ಮೊದಲು ಎಂಟು ಸಾಲು

ದಿನಪತ್ರಿಕೆಯನ್ನು ಮಡಿಸಿ ಅಂಗಡಿಯಲ್ಲಿಟ್ಟರೆ ಮೇಲಿನ ಅರ್ಧ ಮಾತ್ರ ಕಾಣುತ್ತದೆ. ಮುಖ್ಯ ಸುದ್ದಿ ಅಲ್ಲೇ ಇರಬೇಕೆನ್ನುವುದು ಪತ್ರಿಕೆಯವರ ಹಳೆಯ ಲೆಕ್ಕ. ಮೊಬೈಲಿನಲ್ಲಿ ಬೆರಳಾಡಿಸುವ ಮೊದಲು ಕಾಣುವ ಭಾಗವೇ ಈಗಿನ ಆ ಮೇಲಿನ ಅರ್ಧ.

ಇಳಕಲ್ ಸೀರೆ ಮಾರುವ ಒಂದು ಆನ್‌ಲೈನ್ ಅಂಗಡಿ ಇದೆ ಎಂದುಕೊಳ್ಳಿ. ಅದರ ‘ಇಳಕಲ್ ಸೀರೆಗಳು’ ಪುಟದಲ್ಲಿ ನಲವತ್ತು ಸೀರೆಗಳ ಚಿತ್ರವಿದೆ, ಬೆಲೆಯಿದೆ, ಬೇರೇನೂ ಇಲ್ಲ. ಬರೀ ಚಿತ್ರಗಳ ಪುಟ ಯಾವುದರ ಬಗ್ಗೆ ಎಂದು ಗೂಗಲ್‌ಗೆ ಸರಿಯಾಗಿ ತಿಳಿಯುವುದಿಲ್ಲ, ಸ್ವಲ್ಪ ಪಠ್ಯ ಹಾಕಿ ಎನ್ನುತ್ತಾರೆ ಬಲ್ಲವರು. ಮಾಲೀಕರು ಮುನ್ನೂರು ಪದ ಬರೆಸಿ ಪುಟದ ತಲೆಗೇ ಅಂಟಿಸುತ್ತಾರೆ. ‘ಭಾರತೀಯ ನಾರಿಯ ಸೌಂದರ್ಯಕ್ಕೆ ಸೀರೆ ಮೆರುಗು’ ಎಂದು ಶುರುವಾಗುವ ಆ ಬಗೆಯ ಬರಹವನ್ನು ನೀವೂ ನೋಡಿರುತ್ತೀರಿ. ಓದಿರಲಾರಿರಿ.

ಅಳತೆ ಹಾಕಿದರೆ ಎಡವಟ್ಟು ಗೊತ್ತಾಗುತ್ತದೆ. ಸಾಧಾರಣ ಫೋನಿನ ಪರದೆಯ ಅಗಲ 360 ಪಿಕ್ಸೆಲ್. ಓದಲು ಹಿತವಾದ ಅಕ್ಷರದಲ್ಲಿ ಸಾಲಿಗೆ ಹೆಚ್ಚೆಂದರೆ ನಾಲ್ಕು ಕನ್ನಡ ಪದ ಹಿಡಿಯುತ್ತವೆ. ಒತ್ತಕ್ಷರಗಳಿರುವುದರಿಂದ ಒಂದು ಸಾಲಿಗೆ 26 ಪಿಕ್ಸೆಲ್ ಎತ್ತರ ಬೇಕು. ಮುನ್ನೂರು ಪದಕ್ಕೆ 75 ಸಾಲು, ಅಂದರೆ 1950 ಪಿಕ್ಸೆಲ್. ಬ್ರೌಸರಿನ ಪಟ್ಟಿಗಳನ್ನು ಕಳೆದು ಉಳಿಯುವ ಪರದೆ ಸುಮಾರು 650 ಎಂದರೆ, ಮೂರು ಪರದೆ ದಾಟಿದ ಮೇಲೆಯೇ ಮೊದಲ ಸೀರೆಯ ದರ್ಶನ.

ಹಾಗಾದರೆ ಎಷ್ಟು ಬರೆಯಬಹುದು? ಇದೇ ಲೆಕ್ಕವನ್ನು ತಿರುಗಿಸಿ ಹಾಕಬೇಕು. 650ರಲ್ಲಿ ಅಂಗಡಿಯ ಹೆಸರಿನ ಪಟ್ಟಿ, ಪುಟದ ಶೀರ್ಷಿಕೆ, ಬೆಲೆ-ಬಣ್ಣ ಆರಿಸುವ ಗುಂಡಿಗಳು ಸೇರಿ 150 ತಿನ್ನುತ್ತವೆ. ಅಕ್ಕಪಕ್ಕ ಎರಡು ಸೀರೆ, ಕೆಳಗೆ ಹೆಸರು, ಬೆಲೆ: ಮೊದಲ ಸಾಲಿನ ಸೀರೆಗಳು ಪೂರ್ತಿ ಕಾಣಲು 285 ಬೇಕು. ಉಳಿದದ್ದು 215, ಅಂದರೆ ಎಂಟು ಸಾಲು, ಮೂವತ್ತು ಪದ. ನಿಮ್ಮ ಪುಟದ ವಿನ್ಯಾಸ ಬೇರೆಯಾದರೆ ಅಂಕಿ ಬದಲಾಗುತ್ತದೆ, ಲೆಕ್ಕದ ಕ್ರಮ ಇದೇ.

ಮೂವತ್ತು ಪದ ಸಾಕೆ? ಸಾಕು, ಅಲಂಕಾರಕ್ಕೆ ಒಂದನ್ನೂ ಖರ್ಚು ಮಾಡದಿದ್ದರೆ. ಹೀಗೆ ಬರೆಯಬಹುದು: ‘ಕೈಮಗ್ಗದಲ್ಲಿ ನೇಯ್ದ ಇಳಕಲ್ ಸೀರೆಗಳು ಇಲ್ಲಿವೆ: ಒಡಲು ಹತ್ತಿಯದು, ರೇಷ್ಮೆ-ಹತ್ತಿಯದು ಅಥವಾ ಪೂರ್ತಿ ರೇಷ್ಮೆಯದು. ಟೋಪ್ ತೆನಿ ಸೆರಗು, ಚಿಕ್ಕಿ ಮತ್ತು ಗೋಮಿ ದಡಿ. ಆರು ಗಜ, ಒಂಬತ್ತು ಗಜ ಎರಡೂ ಸಿಗುತ್ತವೆ. ಕಸೂತಿ ಹಾಕಿದವಕ್ಕೆ ಬೇರೆ ಪುಟವಿದೆ.’ ಇಪ್ಪತ್ತೆಂಟೇ ಪದ. ಆದರೂ ಕೊಳ್ಳುವವರು ಹುಡುಕುವಾಗ ಟೈಪಿಸುವ ಮಾತುಗಳೆಲ್ಲ ಇದರಲ್ಲಿವೆ. ‘ಇಳಕಲ್ ಸೀರೆ’ ಎಂಬುದನ್ನು ಹತ್ತು ಸಲ ತುರುಕಬೇಕಿಲ್ಲ, ಶೀರ್ಷಿಕೆಯಲ್ಲೂ ಪ್ರತಿ ಸೀರೆಯ ಹೆಸರಿನಲ್ಲೂ ಅದು ಹೇಗೂ ಇರುತ್ತದೆ. ಕೊನೆಯ ವಾಕ್ಯದಲ್ಲಿ ‘ಕಸೂತಿ’ ಎಂಬಲ್ಲಿ ಕೊಂಡಿ ಹಾಕಿದರೆ ಅದೂ ಕೆಲಸಕ್ಕೆ ಬರುತ್ತದೆ.

ಇನ್ನೂ ಹೇಳುವುದಿದೆ ನಿಜ. ಒಡಲಿನ ಹಾಸಿನ ಎಳೆಗಳನ್ನು ಸೆರಗಿನ ಎಳೆಗಳ ಜೊತೆ ಕುಣಿಕೆ ಹಾಕಿ ಜೋಡಿಸುವುದು ಹೇಗೆ, ಮನೆಯಲ್ಲಿ ಒಗೆಯಬಹುದೇ, ಇಂಥವು. ಅವು ಸೀರೆಗಳ ಸಾಲು ಮುಗಿದ ಮೇಲೆ, ನಾಲ್ಕೈದು ಪ್ರಶ್ನೋತ್ತರಗಳಾಗಿ ಬರಲಿ. ಅಲ್ಲಿಯೂ ಮಿತಿ ಇರಲಿ. ಪುಟದ ಬುಡದಲ್ಲಿ ಉದ್ದುದ್ದ ಲೇಖನ ಸುರಿದರೆ ಅದು ಅಂಗಡಿಯ ಪುಟವೋ ಮಾಹಿತಿಯ ಪುಟವೋ ಎಂದು ತಿಳಿಯುವುದು ಕಷ್ಟವಾಗುತ್ತದೆ ಎಂದು ಗೂಗಲ್‌ನ ಜಾನ್ ಮ್ಯುಲರ್ ಎಚ್ಚರಿಸಿದ್ದಾರೆ. ಇನ್ನೊಂದು: ಕೆಳಗಿಳಿದಷ್ಟೂ ಹೊಸ ಸೀರೆಗಳು ತಾವಾಗಿಯೇ ಬಂದು ಸೇರುವ ಪುಟವಾದರೆ ಬುಡದ ಬರಹ ಯಾರ ಕಣ್ಣಿಗೂ ಬೀಳದು. ಅಲ್ಲಿ ‘ಇನ್ನಷ್ಟು ಸೀರೆ ತೋರಿಸು’ ಎಂಬ ಗುಂಡಿ ಇರಬೇಕು.

ಕೆಲವರು ಎರಡು ಸಾಲು ತೋರಿಸಿ ಉಳಿದದ್ದನ್ನು ‘ಮುಂದೆ ಓದಿ’ ಗುಂಡಿಯ ಹಿಂದೆ ಮಡಿಸಿಡುತ್ತಾರೆ. ಇದು ತಪ್ಪಲ್ಲ, `<details>` ಬಳಸಿ ಮಡಿಸಿದ ಪಠ್ಯವನ್ನೂ ಗೂಗಲ್ ಓದುತ್ತದೆ. ಆದರೆ ಗೂಗಲ್‌ನ ಯಂತ್ರ ಗುಂಡಿ ಒತ್ತುವುದಿಲ್ಲ. ಒತ್ತಿದ ಮೇಲಷ್ಟೇ ಸರ್ವರಿನಿಂದ ತರಿಸುವ ಪಠ್ಯ ಅದರ ಪಾಲಿಗೆ ಇಲ್ಲ. ಪರೀಕ್ಷೆ ಸುಲಭ: ಸರ್ಚ್ ಕನ್ಸೋಲ್‌ನಲ್ಲಿ ಪುಟದ ವಿಳಾಸ ಕೊಟ್ಟು, ಗೂಗಲ್ ಕಂಡ ಎಚ್‌ಟಿಎಂಎಲ್‌ನಲ್ಲಿ ನಿಮ್ಮ ಒಂದು ವಾಕ್ಯವನ್ನು ಹುಡುಕಿ. ಬಿಳಿಯ ಮೇಲೆ ಬಿಳಿ ಅಕ್ಷರದಲ್ಲಿ ಅಡಗಿಸುವ ಉಪಾಯ ಮಾತ್ರ ಬೇಡ, ಅದು ನೇರ ನಿಯಮಭಂಗ.

ಕೆಲವು ವಾರ ಬಿಟ್ಟು ಅದೇ ಸರ್ಚ್ ಕನ್ಸೋಲ್‌ನಲ್ಲಿ ಪುಟಕ್ಕೆ ಯಾವ ಹುಡುಕಾಟಗಳಿಂದ ಜನ ಬರುತ್ತಿದ್ದಾರೆ ನೋಡಿ. ‘ಒಂಬತ್ತು ಗಜದ ಇಳಕಲ್ ಸೀರೆ’ ಎಂಬಂಥವು ಹೆಚ್ಚಿದ್ದರೆ ಮೂವತ್ತು ಪದ ಕೆಲಸ ಮಾಡಿವೆ. ‘ರೇಷ್ಮೆ ಸೀರೆ ಒಗೆಯುವುದು ಹೇಗೆ’ ಎಂಬವೇ ತುಂಬಿ, ಯಾರೂ ಸೀರೆಯ ಚಿತ್ರ ಒತ್ತದಿದ್ದರೆ, ಬುಡದ ಆ ಉತ್ತರವನ್ನು ಕಿತ್ತು ಅದಕ್ಕೇ ಒಂದು ಪುಟ ಮಾಡಿ.