ಸೈಟು ಕೈಗೆ ಬಂತು, ಒಡೆತನ ಬಂತೇ?

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ, ಹಂಚಿದ ಸೈಟಿನ ಪೂರ್ತಿ ದುಡ್ಡು ಕಟ್ಟಿದ ದಿನವೇ ತಾವು ಮಾಲೀಕರಾದೆವೆಂದು ಅನೇಕರು ತಿಳಿಯುತ್ತಾರೆ. ಆದರೆ ಆಗ ನೋಂದಣಿಯಾಗುವುದು ಲೀಸ್ ಕಂ ಸೇಲ್ ಕರಾರು. ಅದರಲ್ಲಿ ಪ್ರಾಧಿಕಾರವೇ ಮಾಲೀಕ, ಸೈಟು ಪಡೆದವರು ಗುತ್ತಿಗೆದಾರರು. 1984ರ ನಿವೇಶನ ಹಂಚಿಕೆ ನಿಯಮಗಳ ಪ್ರಕಾರ ಈ ಗುತ್ತಿಗೆ 10 ವರ್ಷದ್ದು.

ಶಾಲಾ ಶಿಕ್ಷಕಿಯೊಬ್ಬರಿಗೆ 2012ರ ಜೂನ್‌ನಲ್ಲಿ 30x40 ಅಡಿಯ ಸೈಟಿನ ಕರಾರು ಆಯಿತು ಎಂದಿಟ್ಟುಕೊಳ್ಳೋಣ. ಸ್ವಾಧೀನ ಪತ್ರ ಸಿಕ್ಕಿತು, ಖಾತೆಯಾಯಿತು. ಪ್ರಾಧಿಕಾರದ ಒಪ್ಪಿಗೆ ಪಡೆದು ಸೈಟನ್ನು ಬ್ಯಾಂಕಿಗೆ ಅಡವಿಟ್ಟು ಸಾಲ ತೆಗೆದರು, ಕರಾರಿನಲ್ಲಿ ಬರೆದ ಅವಧಿಯೊಳಗೆ ಮನೆ ಕಟ್ಟಿದರು. ಇಷ್ಟಾದರೂ 2022ರ ಜೂನ್ ಬರುವವರೆಗೆ ಅವರು ಅದನ್ನು ಮಾರುವಂತಿಲ್ಲ. ಅವಧಿ ಮುಗಿದರೂ ಕ್ರಯಪತ್ರ ತಾನಾಗಿ ಮನೆಗೆ ಬರುವುದಿಲ್ಲ. ಹಂಚಿಕೆ ಪತ್ರ, ಕರಾರು, ಸ್ವಾಧೀನ ಪತ್ರ, ತೆರಿಗೆ ರಸೀದಿ, ಮನೆ ಕಟ್ಟಿದ್ದಕ್ಕೆ ಪುರಾವೆ ಹಿಡಿದು ಅರ್ಜಿ ಹಾಕಬೇಕು. ಷರತ್ತು ಪಾಲನೆಯಾಗಿದೆ ಎಂದು ಕಂಡ ಮೇಲೆ ಪ್ರಾಧಿಕಾರ ಶುದ್ಧ ಕ್ರಯಪತ್ರ ಬರೆದುಕೊಡುತ್ತದೆ. ಅದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದಾಗಲೇ ಒಡೆತನ ಪೂರ್ಣವಾಗುವುದು. ಮನೆ ಕಟ್ಟದೆ ಸೈಟನ್ನು ಹಾಗೇ ಬಿಟ್ಟಿದ್ದರೆ ತೊಡಕು: ಹಂಚಿಕೆ ರದ್ದಾಗುವ ಭಯವಿರುತ್ತದೆ. ದಂಡ ಕಟ್ಟಿಸಿಕೊಂಡು ಪತ್ರ ಮಾಡಿಕೊಟ್ಟದ್ದೂ ಉಂಟು.

ಜನ ಕೈ ಸುಟ್ಟುಕೊಳ್ಳುವುದು ಈ ಹತ್ತು ವರ್ಷದ ನಡುವೆಯೇ. ಶಿಕ್ಷಕಿಗೆ 2017ರಲ್ಲಿ ಹಣದ ಅಡಚಣೆ ಬಂತು, ಒಬ್ಬರು ಪೂರ್ತಿ ಹಣ ಕೊಟ್ಟು ಜಿಪಿಎ ಮತ್ತು ಕರಾರುಪತ್ರ ಬರೆಸಿಕೊಂಡರು ಎನ್ನಿ. ಕೊಂಡವರ ಕೈಯಲ್ಲಿ ಮನೆಯ ಬೀಗವಿದೆ, ಹಕ್ಕಿಲ್ಲ. ಜಿಪಿಎ ಮೂಲಕ ನಡೆಯುವ ಮಾರಾಟದಿಂದ ಒಡೆತನ ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. 2022ರಲ್ಲಿ ಕ್ರಯಪತ್ರ ಆಗುವುದು ಶಿಕ್ಷಕಿಯ ಹೆಸರಿಗೆ. ಅವರು ತೀರಿಕೊಂಡಿದ್ದರೆ ಅವರ ವಾರಸುದಾರರ ಹೆಸರಿಗೆ. ಆ ಮಕ್ಕಳು ಐದು ವರ್ಷದ ಹಿಂದಿನ ಮಾತನ್ನು ಒಪ್ಪದಿದ್ದರೆ ಕೊಂಡವರಿಗೆ ಕೋರ್ಟಿನ ಮೆಟ್ಟಿಲೇ ಗತಿ. ಹತ್ತು ವರ್ಷ ಕಾಯಿಸುವ ನಿಯಮ ನನಗೆ ಸರಿಯೆನಿಸುತ್ತದೆ. ಸೈಟು ಹಂಚುವುದು ಮನೆಯಿಲ್ಲದವರು ಮನೆ ಕಟ್ಟಿಕೊಳ್ಳಲಿ ಎಂದು, ಮಾರಿ ಲಾಭ ಮಾಡಲಿ ಎಂದಲ್ಲ.

ಪ್ರಾಧಿಕಾರವೇ ಹರಾಜಿನಲ್ಲಿ ಮಾರುವ ಮೂಲೆ ಸೈಟುಗಳ ದಾರಿ ಬೇರೆ. ಅಲ್ಲಿ ಗುತ್ತಿಗೆಯ ಕಾಯುವಿಕೆ ಇಲ್ಲದೆ ಕ್ರಯಪತ್ರವಾಗುತ್ತದೆ.

ಹಂಚಿಕೆಯಾದ ಸೈಟು ಕೊಳ್ಳುವವರು ಮೊದಲು ಇ.ಸಿ. ತೆಗೆಸಿ ನೋಡಿ. ಅದರಲ್ಲಿ ಲೀಸ್ ಕಂ ಸೇಲ್ ದಾಖಲೆಯಷ್ಟೇ ಇದ್ದು, ಅದರ ನಂತರ ಪ್ರಾಧಿಕಾರ ಬರೆದುಕೊಟ್ಟ ಕ್ರಯಪತ್ರದ ನಮೂದು ಇಲ್ಲದಿದ್ದರೆ, ಖಾತೆ ಯಾರ ಹೆಸರಿಗೇ ಇರಲಿ, ಮುಂಗಡ ಕೊಡಬೇಡಿ.