ರಾಯಲ್ಟಿ ಇಲ್ಲದ ಸಂಗೀತ: ಪರವಾನಗಿಯನ್ನು ಓದುವ ಬಗೆ

ಯಾವುದಾದರೊಂದು ಸಂಸ್ಥೆಯ ಪರಿಚಯ ಚಿತ್ರವನ್ನು ನೀವು ನೋಡಿಯೇ ಇರುತ್ತೀರಿ. ಎರಡು ಮೂರು ನಿಮಿಷಗಳ ಚಿತ್ರ. ಕಾರ್ಖಾನೆ, ಕೆಲಸಗಾರರು, ತಯಾರಾದ ಸರಕು, ಇವೆಲ್ಲದರ ಹಿಂದೆ ಹಿತವಾದ ಸಂಗೀತ. ಆ ಸಂಗೀತವನ್ನು ಎಲ್ಲಿಂದ ತರಬೇಕು, ತಂದ ಮೇಲೆ ಎಲ್ಲೆಲ್ಲಿ ಬಳಸಬಹುದು ಎಂಬುದು ಚಿತ್ರ ತಯಾರಿಸುವವರು ಮೊದಲೇ ಬಗೆಹರಿಸಿಕೊಳ್ಳಬೇಕಾದ ಪ್ರಶ್ನೆ. ನಿಮ್ಮಲ್ಲಿ ಕೆಲವರು ನಾಳೆ ಇದೇ ಕೆಲಸಕ್ಕೆ ಹೋಗಬಹುದು. ಕಾಲೇಜಿನಲ್ಲಿದ್ದಾಗಲೇ ಪರಿಚಯದವರಿಗೆ ಇಂಥ ಚಿತ್ರ ಮಾಡಿಕೊಡುವವರೂ ಇದ್ದಾರೆ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಒಂದು ಹಾಡಿನಲ್ಲಿ ಒಂದಲ್ಲ, ಕನಿಷ್ಠ ಎರಡು ಆಸ್ತಿಗಳು ಅಡಗಿವೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಸ್ವರ ಸಂಯೋಜನೆ ಮತ್ತು ಸಾಹಿತ್ಯ ಒಂದು ಕಡೆ. ಅದನ್ನು ಹಾಡಿಸಿ, ನುಡಿಸಿ ಮಾಡಿದ ಧ್ವನಿಮುದ್ರಣ ಇನ್ನೊಂದು ಕಡೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆ ಇವೆರಡನ್ನೂ ಬೇರೆ ಬೇರೆಯಾಗಿ ಕಾಪಾಡುತ್ತದೆ. ಸಂಯೋಜನೆಗೆ ಸಂಯೋಜಕರ ಜೀವಿತಕಾಲ ಮತ್ತು ಅವರು ತೀರಿಕೊಂಡ ನಂತರದ 60 ವರ್ಷ. ಧ್ವನಿಮುದ್ರಣಕ್ಕೆ ಅದು ಪ್ರಕಟವಾದ ನಂತರದ 60 ವರ್ಷ. ಎರಡರಲ್ಲೂ ಲೆಕ್ಕ ಶುರುವಾಗುವುದು ಮುಂದಿನ ವರ್ಷದ ಜನವರಿ 1ರಿಂದ.

ಉದಾಹರಣೆಗೆ ಮೈಸೂರು ವಾಸುದೇವಾಚಾರ್ಯರು ತೀರಿಕೊಂಡದ್ದು 1961ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕೀರ್ತನೆಗಳ ಹಕ್ಕಿನ ಅವಧಿ 2021ರ ಕೊನೆಗೆ ಮುಗಿಯಿತು. ಆದರೆ ಅದೇ ಕೀರ್ತನೆಯನ್ನು ಯಾರೋ ವಿದ್ವಾಂಸರು ಹಾಡಿ 1995ರಲ್ಲಿ ಹೊರಬಂದ ಧ್ವನಿಸುರುಳಿ ಇದೆ ಎನ್ನಿ. ಆ ಧ್ವನಿಮುದ್ರಣದ ಹಕ್ಕು 2055ರ ಕೊನೆಯವರೆಗೂ ಇರುತ್ತದೆ. ಕೀರ್ತನೆ ಎಲ್ಲರದು, ಧ್ವನಿಸುರುಳಿ ಎಲ್ಲರದಲ್ಲ. ಬಸವನಗುಡಿಯ ಡಿ.ವಿ.ಜಿ. ಅವರ ಕಗ್ಗವನ್ನು ಹಿನ್ನೆಲೆಯಲ್ಲಿ ಹಾಡಿಸೋಣವೆಂದು ಯಾರಿಗಾದರೂ ಅನ್ನಿಸಬಹುದು. ಅವರು ತೀರಿಕೊಂಡದ್ದು 1975ರಲ್ಲಿ. ಕಾಯಿದೆಯ ಲೆಕ್ಕದಂತೆ 2035ರ ಕೊನೆಯವರೆಗೆ ಆ ಸಾಹಿತ್ಯಕ್ಕೂ ಅನುಮತಿ ಬೇಕು.

ಧ್ವನಿಮುದ್ರಣದ ಹಕ್ಕನ್ನು ಲಘುವಾಗಿ ಕಂಡರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲಿಯೇ ಒಂದು ಪ್ರಕರಣ ನಡೆದಿದೆ. 2022ರ ನವೆಂಬರ್‌ನಲ್ಲಿ ಇಲ್ಲಿನ ಎಂ.ಆರ್.ಟಿ. ಮ್ಯೂಸಿಕ್ ಸಂಸ್ಥೆ ಯಶವಂತಪುರ ಠಾಣೆಯಲ್ಲಿ ದೂರು ಕೊಟ್ಟಿತು. ‘ಕೆ.ಜಿ.ಎಫ್. ಚಾಪ್ಟರ್ 2’ ಚಿತ್ರದ ಹಿಂದಿ ಹಾಡುಗಳ ಹಕ್ಕು ತನ್ನದು, ಭಾರತ್ ಜೋಡೋ ಯಾತ್ರೆಯ ಪ್ರಚಾರ ವಿಡಿಯೋಗಳಲ್ಲಿ ಅವುಗಳನ್ನು ಅನುಮತಿಯಿಲ್ಲದೆ ಬಳಸಲಾಗಿದೆ ಎಂಬುದು ಅದರ ಆರೋಪ. ನವೆಂಬರ್ 7ರಂದು ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಸಂಬಂಧಪಟ್ಟ ಎರಡು ಟ್ವಿಟರ್ ಖಾತೆಗಳನ್ನು ತಾತ್ಕಾಲಿಕವಾಗಿ ತಡೆಹಿಡಿಯಲು ಆದೇಶಿಸಿತು. ಮರುದಿನವೇ ಹೈಕೋರ್ಟು, ಆ ವಿಡಿಯೋಗಳನ್ನು ತೆಗೆದುಹಾಕಬೇಕೆಂಬ ಷರತ್ತಿನ ಮೇಲೆ, ಆ ಆದೇಶವನ್ನು ರದ್ದುಮಾಡಿತು. ಕ್ರಿಮಿನಲ್ ಮೊಕದ್ದಮೆಯನ್ನು ಕೈಬಿಡಲು ಮಾತ್ರ 2023ರ ಜೂನ್‌ನಲ್ಲಿ ಹೈಕೋರ್ಟು ಒಪ್ಪಲಿಲ್ಲ. ಇದು ತಪ್ಪಿತಸ್ಥರು ಯಾರೆಂಬ ತೀರ್ಪಲ್ಲ, ನಿಜ. ಆದರೆ ಚಿಕ್ಕ ವಿಡಿಯೋದ ಹಿನ್ನೆಲೆ ಸಂಗೀತ ಪೊಲೀಸ್ ಠಾಣೆಯವರೆಗೂ, ಇಡೀ ಖಾತೆಯೇ ನಿಂತುಹೋಗುವ ಆದೇಶದವರೆಗೂ ಕೊಂಡೊಯ್ಯಬಲ್ಲದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಂಥ ತೊಡಕು ಬೇಡವೆಂದೇ ಹಲವರು ‘ರಾಯಲ್ಟಿ ಫ್ರೀ’ ಸಂಗೀತವನ್ನು ಹುಡುಕುತ್ತಾರೆ. ಈ ಮಾತಿನ ಅರ್ಥವನ್ನು ಬಹಳ ಜನ ತಪ್ಪಾಗಿ ತಿಳಿಯುತ್ತಾರೆ. ಅದು ಪುಕ್ಕಟೆ ಎಂದಲ್ಲ, ಹಕ್ಕುದಾರರಿಲ್ಲ ಎಂದೂ ಅಲ್ಲ. ಒಮ್ಮೆ ಹಣ ಕೊಟ್ಟರೆ ಪ್ರತಿಯೊಂದು ಬಾರಿ ಪ್ರದರ್ಶಿಸಿದಾಗಲೂ ಮತ್ತೆ ಮತ್ತೆ ಹಣ ಕಟ್ಟಬೇಕಿಲ್ಲ ಎಂದಷ್ಟೇ ಅರ್ಥ. ಹಕ್ಕು ಹಕ್ಕುದಾರರ ಬಳಿಯೇ ಉಳಿಯುತ್ತದೆ. ನಿಮಗೆ ಸಿಗುವುದು ಕೆಲವು ಷರತ್ತುಗಳಿಗೆ ಒಳಪಟ್ಟ ಪರವಾನಗಿ ಮಾತ್ರ.

ಈಗ ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಚಾಮರಾಜಪೇಟೆಯಲ್ಲಿ ಅಗರಬತ್ತಿ ತಯಾರಿಸುವ ಸಂಸ್ಥೆಯೊಂದು ಮೂರು ನಿಮಿಷಗಳ ಚಿತ್ರ ಮಾಡಿಕೊಡಲು ನಿಮಗೆ ಹೇಳಿದೆ ಎಂದು ಭಾವಿಸಿಕೊಳ್ಳಿ. ಸಂಗೀತ ಕೇಳಲು ಕೂರುವ ಮೊದಲು ನೀವು ಮಾಡಬೇಕಾದದ್ದು, ಮಾಲೀಕರ ಬಳಿ ಕುಳಿತು ಚಿತ್ರ ಎಲ್ಲೆಲ್ಲಿ ಓಡಬೇಕೆಂದು ಬರೆದುಕೊಳ್ಳುವುದು. ಅವರು ಹೇಳುವುದು ಐದು ಕಡೆ: ಸಂಸ್ಥೆಯ ಸ್ವಂತ ಜಾಲತಾಣ, ಯೂಟ್ಯೂಬ್, ಇನ್‌ಸ್ಟಾಗ್ರಾಂ, ಅದರಲ್ಲೇ ಹಣ ಕಟ್ಟಿ ತೋರಿಸುವ 15 ಸೆಕೆಂಡಿನ ಜಾಹೀರಾತು, ಮತ್ತು ಅಂಗಡಿಯಲ್ಲಿ ಗಿರಾಕಿಗಳ ಮುಂದಿನ ಪರದೆ. ಸರಕು ವಿದೇಶಕ್ಕೂ ಹೋಗುವುದರಿಂದ ಚಿತ್ರ ಹೊರದೇಶಗಳಲ್ಲೂ ಕಾಣಬೇಕು. ಹಲವು ವರ್ಷ ಉಳಿಯಬೇಕು. ಈ ಪಟ್ಟಿಯೇ ನಿಮ್ಮ ಅಳತೆಗೋಲು. ಯಾವ ಸಂಗೀತ ಸಿಕ್ಕಿದರೂ ಇದರ ಪಕ್ಕದಲ್ಲಿಟ್ಟು ನೋಡಬೇಕು.

ಇನ್‌ಸ್ಟಾಗ್ರಾಂ ಒಳಗೇ ಸಿಗುವ ಜನಪ್ರಿಯ ಹಾಡುಗಳನ್ನು ಮೊದಲು ಬದಿಗಿಡಿ. ಅವು ಸ್ವಂತ ಖುಷಿಗೆ ವಿಡಿಯೋ ಹಾಕುವವರಿಗಾಗಿ ಇರುವಂಥವು. ವ್ಯಾಪಾರದ ಬಳಕೆಗೆ ಆ ಅನುಮತಿ ಸಾಲದು. ಮೆಟಾ ಸಂಸ್ಥೆ ಉಚಿತವಾಗಿ ಕೊಡುವ ಧ್ವನಿಸಂಗ್ರಹವೊಂದಿದೆ. ಆದರೆ ಅದರ ಸಂಗೀತ ಆ ಸಂಸ್ಥೆಯದೇ ಆದ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಂಥ ವೇದಿಕೆಗಳಿಗೆ ಮೀಸಲು. ಅದನ್ನೇ ಯೂಟ್ಯೂಬಿಗೂ ಅಂಗಡಿಯ ಪರದೆಗೂ ಹಾಕಿದರೆ ಪರವಾನಗಿಯ ಗೆರೆ ದಾಟಿದಂತೆ. ಒಂದೇ ಚಿತ್ರ ಹಲವು ವೇದಿಕೆಗಳಲ್ಲಿ ಓಡುವಾಗ ಹೆಚ್ಚಿನವರು ಎಡವುವುದು ಇಲ್ಲಿಯೇ.

ಮುಂದಿನದು ಕ್ರಿಯೇಟಿವ್ ಕಾಮನ್ಸ್ ಗುರುತಿನ ಸಂಗೀತ. ಇದರ ಹೆಸರಿನ ಅಕ್ಷರಗಳನ್ನು ಗಮನವಿಟ್ಟು ಓದಬೇಕು. `CC BY-NC` ಎಂದಿದ್ದರೆ ವಾಣಿಜ್ಯ ಬಳಕೆ ಕೂಡದು. ಅಗರಬತ್ತಿ ಚಿತ್ರಕ್ಕೆ ಅದು ಆಗುವುದಿಲ್ಲ. `CC BY-ND` ಎಂದರೆ ಬದಲಾವಣೆ ಮಾಡದೆ ಬಳಸಬೇಕು. ‘ನಾನು ಸಂಗೀತವನ್ನು ಕತ್ತರಿಸಿಲ್ಲವಲ್ಲ’ ಎಂದು ನೀವು ಹೇಳಬಹುದು. ಆದರೆ ಚಲಿಸುವ ದೃಶ್ಯಕ್ಕೆ ಸಂಗೀತವನ್ನು ಹೊಂದಿಸಿದ ಕೂಡಲೇ ಅದು ಹೊಸ ರೂಪಾಂತರವಾಯಿತು ಎಂದು ಆ ಪರವಾನಗಿಯ ಪಠ್ಯವೇ ಹೇಳುತ್ತದೆ. ಹಾಗಾಗಿ ಅದೂ ಆಗದು. `CC BY-SA` ಗುರುತಿನ ಸಂಗೀತ ಬಳಸಿದರೆ ನಿಮ್ಮ ಚಿತ್ರವನ್ನೂ ಅದೇ ಷರತ್ತಿನ ಮೇಲೆ ಎಲ್ಲರಿಗೂ ಬಿಟ್ಟುಕೊಡಬೇಕಾಗುತ್ತದೆ. ಮಾಲೀಕರು ಅದಕ್ಕೆ ಒಪ್ಪಲಾರರು. ಉಳಿಯುವುದು ಬರಿಯ `CC BY`. ಇದರಲ್ಲಿ ಸಂಗೀತದ ಹೆಸರು, ಸಂಯೋಜಕರ ಹೆಸರು, ದೊರೆತ ಜಾಗ, ಪರವಾನಗಿಯ ಹೆಸರು, ಮಾಡಿದ ಬದಲಾವಣೆ, ಇಷ್ಟನ್ನೂ ನಮೂದಿಸಬೇಕು. ಯೂಟ್ಯೂಬಿನಲ್ಲಿ ವಿವರಣೆಯ ಜಾಗವಿದೆ. ಅಂಗಡಿಯ ಪರದೆಗೆ ಅಂಥ ಜಾಗವೆಲ್ಲಿ? ಆದ್ದರಿಂದ ಚಿತ್ರದ ಕೊನೆಯ ದೃಶ್ಯದಲ್ಲಿಯೇ ಅದನ್ನು ಬರೆದುಬಿಡುವುದು ಸುರಕ್ಷಿತ.

ಇನ್ನು ಹಣ ಕೊಟ್ಟು ಕೊಳ್ಳುವ ಸಂಗೀತ ಭಂಡಾರಗಳು. ಇಲ್ಲಿ ಒಂದೇ ತುಣುಕಿಗೆ ಹಲವು ದರಗಳಿರುವುದು ಸಾಮಾನ್ಯ. ನಿಮಗೆ ಇಷ್ಟವಾದ ತುಣುಕಿನ ಕಡಿಮೆ ದರದ ಪರವಾನಗಿಯಲ್ಲಿ ಹೀಗಿದೆ ಎನ್ನಿ: ಒಂದು ಚಿತ್ರಕ್ಕೆ ಮಾತ್ರ, ಜಾಲತಾಣ ಮತ್ತು ಸಾಮಾಜಿಕ ಮಾಧ್ಯಮಗಳಲ್ಲಿ, ಎಲ್ಲ ದೇಶಗಳಲ್ಲಿ, ಅವಧಿಯ ಮಿತಿಯಿಲ್ಲ, ಆದರೆ ಹಣ ಕಟ್ಟಿದ ಜಾಹೀರಾತು ಮತ್ತು ಸಾರ್ವಜನಿಕ ಪ್ರದರ್ಶನಕ್ಕೆ ಅನ್ವಯಿಸದು. ನಿಮ್ಮ ಪಟ್ಟಿಯ ಪಕ್ಕ ಇಟ್ಟು ನೋಡಿ. ಐದರಲ್ಲಿ ಮೂರು ಕೂಡಿದವು; ಜಾಹೀರಾತು ಮತ್ತು ಅಂಗಡಿಯ ಪರದೆ ಹೊರಗುಳಿದವು. ಜೊತೆಗೆ 15 ಸೆಕೆಂಡಿನ ತುಂಡನ್ನು ಬೇರೆಯೇ ಚಿತ್ರವೆಂದು ಎಣಿಸುತ್ತಾರೆಯೇ ಎಂಬುದನ್ನೂ ನೋಡಬೇಕು. ಈಗ ನಿಮ್ಮ ಮುಂದೆ ಎರಡೇ ದಾರಿ: ಹೆಚ್ಚಿನ ದರದ ಪರವಾನಗಿ ಕೊಳ್ಳುವುದು, ಇಲ್ಲವೇ ಆ ಎರಡು ಕಡೆಗೆ ಬೇರೆ ಸಂಗೀತ ಹಾಕುವುದು. ಮೂರನೆಯದಾಗಿ ‘ಯಾರು ನೋಡುತ್ತಾರೆ’ ಎಂಬ ದಾರಿ ಇಲ್ಲ.

ಪರವಾನಗಿ ಯಾರ ಹೆಸರಿನಲ್ಲಿದೆ ಎಂಬುದನ್ನೂ ಮರೆಯಬಾರದು. ನಿಮ್ಮ ಸ್ವಂತ ತಿಂಗಳ ಚಂದಾದಲ್ಲಿ ತಂದ ಸಂಗೀತವನ್ನು ಬೇರೊಂದು ಸಂಸ್ಥೆಯ ಚಿತ್ರಕ್ಕೆ ಹಾಕಲು ಕೆಲವು ಭಂಡಾರಗಳು ಬಿಡುವುದಿಲ್ಲ. ಚಂದಾ ನಿಲ್ಲಿಸಿದ ಮೇಲೆ ಹಳೆಯ ಚಿತ್ರಗಳಿಗೆ ಅನುಮತಿ ಉಳಿಯುತ್ತದೆಯೇ, ಹೊಸದಾಗಿ ಹಾಕುವುದಕ್ಕೆ ಇಲ್ಲವಾಗುತ್ತದೆಯೇ ಎಂಬುದು ಆ ಪಠ್ಯದಲ್ಲಿಯೇ ಇರುತ್ತದೆ. ಚಿತ್ರ ಅಗರಬತ್ತಿ ಸಂಸ್ಥೆಯದಾದ್ದರಿಂದ ಪರವಾನಗಿಯೂ ಆ ಸಂಸ್ಥೆಯ ಹೆಸರಿಗೆ ಇರುವುದೇ ಒಳ್ಳೆಯದು.

ಸಂಸ್ಥೆಯವರು ವೀಣೆಯ ನಾದವೇ ಬೇಕೆಂದರೆ? ಮೇಲೆ ಹೇಳಿದಂತೆ ಅವಧಿ ಮುಗಿದ ವಾಸುದೇವಾಚಾರ್ಯರ ಕೀರ್ತನೆಯೊಂದನ್ನು ಆರಿಸಿ, ಸ್ಥಳೀಯ ವೈಣಿಕರೊಬ್ಬರಿಂದ ನುಡಿಸಿ ಹೊಸದಾಗಿ ಧ್ವನಿಮುದ್ರಿಸಬಹುದು. ಆಗ ಬಾಯಿಮಾತಿನ ಒಪ್ಪಿಗೆ ಸಾಲದು, ಬರಹದಲ್ಲಿರಬೇಕು. ಕಾಯಿದೆಯ 19 ಮತ್ತು 30ಎ ಕಲಂಗಳಂತೆ, ಬರೆದ ಪತ್ರದಲ್ಲಿ ಅವಧಿ ಹೇಳದಿದ್ದರೆ ಅದು 5 ವರ್ಷವೆಂದೂ, ಪ್ರದೇಶ ಹೇಳದಿದ್ದರೆ ಅದು ಭಾರತದ ಒಳಗೆ ಮಾತ್ರವೆಂದೂ ಭಾವಿಸಲಾಗುತ್ತದೆ. ವಿದೇಶಕ್ಕೆ ಸರಕು ಕಳಿಸುವ ನಮ್ಮ ಅಗರಬತ್ತಿಯವರಿಗೆ ಈ ಎರಡು ಮೌನಗಳೂ ತೊಂದರೆಯವು. ಹಾಗಾಗಿ ‘ಎಲ್ಲ ದೇಶಗಳಲ್ಲಿ’, ‘ಇಷ್ಟು ವರ್ಷ’, ‘ಈ ಐದು ಬಳಕೆಗಳಿಗೆ’, ‘ಇಷ್ಟು ಸಂಭಾವನೆಗೆ’ ಎಂದು ಬಿಡಿಸಿ ಬರೆಯಬೇಕು.

ಇಷ್ಟೆಲ್ಲ ಸರಿಯಾಗಿದ್ದರೂ ಯೂಟ್ಯೂಬಿನಲ್ಲಿ ಚಿತ್ರ ಹಾಕಿದ ಕೆಲ ಹೊತ್ತಿನಲ್ಲೇ ಹಕ್ಕಿನ ಸೂಚನೆಯೊಂದು ಬರಬಹುದು. ಅಲ್ಲಿನ ‘ಕಂಟೆಂಟ್ ಐಡಿ’ ಎಂಬ ವ್ಯವಸ್ಥೆ, ಹಕ್ಕುದಾರರು ಕೊಟ್ಟ ಮಾದರಿಗಳ ಜೊತೆ ನಿಮ್ಮ ಧ್ವನಿಯನ್ನು ಹೋಲಿಸುತ್ತದೆ. ನೀವು ಹಣ ಕೊಟ್ಟಿದ್ದೀರೋ ಇಲ್ಲವೋ ಅದಕ್ಕೆ ತಿಳಿಯದು. ಗಾಬರಿಯಾಗಬೇಕಿಲ್ಲ, ಇದು ಖಾತೆಗೆ ಬೀಳುವ ಶಿಕ್ಷೆಯಲ್ಲ. ಆದರೆ ಸಂಸ್ಥೆಯ ಚಿತ್ರದ ನಡುವೆ ಬೇರೆಯವರ ಜಾಹೀರಾತು ಬರಬಹುದು, ಕೆಲವು ದೇಶಗಳಲ್ಲಿ ಚಿತ್ರ ಕಾಣದೆ ಹೋಗಬಹುದು. ಪರವಾನಗಿಯ ಆಧಾರ ಕೊಟ್ಟು ಆಕ್ಷೇಪ ಸಲ್ಲಿಸಿದರೆ ಉತ್ತರ ಕೊಡಲು ಎದುರಿನವರಿಗೆ 30 ದಿನಗಳ ಕಾಲಾವಕಾಶವಿದೆ. ಬಿಡುಗಡೆಯ ದಿನ ಗೊತ್ತಾಗಿದ್ದರೆ ಅಷ್ಟು ದಿನ ಕಾಯಲಾಗದು. ಆದ್ದರಿಂದ ಅನುಭವಸ್ಥರು ಚಿತ್ರವನ್ನು ಕೆಲವು ವಾರ ಮೊದಲೇ ಖಾಸಗಿಯಾಗಿ ಹಾಕಿ, ಸೂಚನೆ ಬರುತ್ತದೆಯೇ ಎಂದು ಪರೀಕ್ಷಿಸುತ್ತಾರೆ.

ಆಗ ನೆರವಿಗೆ ಬರುವುದು ನೀವು ಇಟ್ಟುಕೊಂಡ ಕಡತವೇ. ಸಂಗೀತ ಇಳಿಸಿಕೊಂಡ ದಿನವೇ ಅಂದಿನ ಪರವಾನಗಿಯ ಪೂರ್ತಿ ಪಠ್ಯ, ಹಣ ಕಟ್ಟಿದ ರಸೀದಿ, ತುಣುಕಿನ ಮತ್ತು ಸಂಯೋಜಕರ ಹೆಸರು, ದಿನಾಂಕ, ಇವನ್ನು ಒಂದೆಡೆ ಉಳಿಸಿಡಿ. ಜಾಲತಾಣದ ಷರತ್ತುಗಳು ಮುಂದೆ ಬದಲಾಗಬಹುದು. ನೀವು ಒಪ್ಪಿಕೊಂಡದ್ದು ಯಾವುದನ್ನು ಎಂದು ತೋರಿಸಲು ಆ ದಿನದ ಪ್ರತಿಯೇ ಬೇಕು. ಚಿತ್ರವನ್ನು ಮಾಲೀಕರಿಗೆ ಒಪ್ಪಿಸುವಾಗ ಈ ಕಡತದ ಒಂದು ಪ್ರತಿಯನ್ನೂ, ಯಾವ ಐದು ಕಡೆಗೆ ಅನುಮತಿ ಇದೆ ಎಂಬ ಪಟ್ಟಿಯನ್ನೂ ಜೊತೆಗೆ ಕೊಡಿ. ಮುಂದಿನ ವರ್ಷ ಅವರು ಅದೇ ಚಿತ್ರವನ್ನು ಕೇಬಲ್ ಟಿ.ವಿ.ಯಲ್ಲಿ ಹಾಕಲು ಹೊರಟರೆ, ಆರನೆಯ ಬಳಕೆಗೆ ಹೊಸ ಅನುಮತಿ ಬೇಕೆಂಬುದು ಆ ಪಟ್ಟಿಯನ್ನು ನೋಡಿದ ಕೂಡಲೇ ಅವರಿಗೆ ತಿಳಿಯುತ್ತದೆ.